ತುತ್ತು ಹೆಚ್ಚಿಸಬೇಡಿ, ತುತ್ತನ್ನು ಗಟ್ಟಿ ಮಾಡಿ

ಸತ್ವಾ ಬಸ್ ಸ್ಟೇಷನ್ ಸುತ್ತಮುತ್ತಲಿನ ಯಾವುದಾದರೂ ಗ್ರೋಸರಿಗೆ ಸಂಜೆ ಹೊತ್ತು ಹೋಗಿ ನಿಂತುಕೊಳ್ಳಿ. ಶಾಲೆಯಿಂದ ಬಂದ ಮಗುವನ್ನು ಕೈಹಿಡಿದುಕೊಂಡು ಅಮ್ಮನೋ ಅಪ್ಪನೋ ಬರುತ್ತಾರೆ. ಮಗು ಸಣಕಲು, ಯೂನಿಫಾರ್ಮ್ ಭುಜದ ಮೇಲೆ ನೇತಾಡ್ತಾ ಇರುತ್ತೆ. ಬುಟ್ಟಿಯಲ್ಲಿ ಏನೇನಿದೆ ನೋಡಿ: ಲೋ ಫ್ಯಾಟ್ ಹಾಲು, ಜ್ಯೂಸ್ ಪ್ಯಾಕೆಟ್, ಮಾರಿ ಬಿಸ್ಕೆಟ್, ಕೊನೆಗೆ ಕೌಂಟರ್ ಹತ್ತಿರ ಮಾಲ್ಟ್ ಪುಡಿಯ ಒಂದು ದೊಡ್ಡ ಡಬ್ಬ. ಆ ಡಬ್ಬದ ಮೇಲೆ ಒಬ್ಬ ಹುಡುಗ ಎತ್ತರಕ್ಕೆ ಹಾರುತ್ತಿರುವ ಚಿತ್ರ.

ನನ್ನ ತಕರಾರು ಆ ಬುಟ್ಟಿಯ ಮೇಲೆ. ಅದು ದುಬಾರಿ ಬುಟ್ಟಿ, ಆದರೆ ಹಗುರವಾದ ಬುಟ್ಟಿ. ಅದೇ ಅಂಗಡಿಯಲ್ಲಿ, ಅದೇ ಸಾಲಿನ ಕೆಳಗಿನ ಕಪಾಟಿನಲ್ಲಿ, ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಆ ಮಗುವಿಗೆ ನಿಜವಾಗಿ ಬೇಕಾದದ್ದು ಇದೆ. ಊರಿನ ಹೆಸರೇ ಸತ್ವಾ. ನಾವು ಮಾತ್ರ ಸತ್ವ ಬಿಟ್ಟು ಬೇರೆಲ್ಲ ಕೊಳ್ತಾ ಇದ್ದೇವೆ.

ಮೊದಲು ಒಂದು ಮಾತು ಸ್ಪಷ್ಟ ಆಗಲಿ. ನಿಮ್ಮ ಮಗುವಿನ ತೂಕ ನಿಜವಾಗಿಯೂ ಕಡಿಮೆಯೇ? ಬಿಎಂಐ 18.5ಕ್ಕಿಂತ ಕೆಳಗೆ ಇದ್ದರೆ ಕಡಿಮೆ ಅಂತ ಎಲ್ಲೋ ಓದಿ ಗಾಬರಿಯಾಗುವವರು ಬಹಳ. ಆ ಲೆಕ್ಕ ದೊಡ್ಡವರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 7 ವರ್ಷದ ಹುಡುಗನ ನಡುವಿನ ಬಿಎಂಐ ಸುಮಾರು 15.5. ಹುಡುಗಿಯದ್ದು 15.4. ಹುಡುಗನಿಗೆ 13.1ಕ್ಕಿಂತ, ಹುಡುಗಿಗೆ 12.7ಕ್ಕಿಂತ ಕೆಳಗೆ ಇಳಿದರೆ ಮಾತ್ರ ತೂಕ ಕಡಿಮೆ ಎನ್ನುತ್ತಾರೆ. 7 ವರ್ಷದ ಮಗುವಿಗೆ 18.5 ಬಂದರೆ ಅದು ಸಣಕಲಲ್ಲ, ತೂಕ ಜಾಸ್ತಿಯಾದ ಮಗು. ಹಾಗಾಗಿ ಪಕ್ಕದ ಮನೆಯ ಗುಂಡು ಹುಡುಗನನ್ನು ನೋಡಿ ನಿಮ್ಮ ಮಗುವನ್ನು ಅಳೆಯಬೇಡಿ. ವಯಸ್ಸಿಗೆ ತಕ್ಕ ಪಟ್ಟಿಯನ್ನು ನೋಡಿ. ಮಗು ಆ ಗೆರೆಯ ಮೇಲೆಯೇ ಇದ್ದು, ವರ್ಷ ವರ್ಷ ಬೆಳೆಯುತ್ತಾ, ಆಡಿಕೊಂಡು ಇದ್ದರೆ ಈ ಬರಹ ನಿಮಗಲ್ಲ.

ಗೆರೆಯ ಕೆಳಗೆ ಇರುವವರಿಗೆ ಮುಂದಿನ ಮಾತು.

ಹೊಟ್ಟೆ ಚಿಕ್ಕದು, ಗಲಾಟೆ ದೊಡ್ಡದು

ಕಡಿಮೆ ತಿನ್ನುವ ಮಗುವಿನ ಮನೆಯಲ್ಲಿ ದಿನಾ ಒಂದೇ ನಾಟಕ. ಇನ್ನೊಂದು ತುತ್ತು, ಅಜ್ಜಿಗೆ ಒಂದು ತುತ್ತು, ಅಪ್ಪನಿಗೆ ಒಂದು ತುತ್ತು. ಟ್ಯಾಬ್ ಮುಂದೆ ಇಟ್ಟು ಒಂದು ಗಂಟೆ ಕೂರಿಸಿ, ಕೊನೆಗೆ ಗದರಿಸಿ, ಕೊನೆಗೆ ಅಳಿಸಿ. ಇದರಿಂದ ಸಿಗುವುದೇನು? ಎರಡು ತುತ್ತು ಅನ್ನ-ಸಾರು ಹೆಚ್ಚು ಹೋಯ್ತು ಅಂದ್ಕೊಳ್ಳಿ. ಬೇಯಿಸಿದ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇದೆ. ತಿಳಿಸಾರು ಬಹುತೇಕ ನೀರು. ಆ ಎರಡು ತುತ್ತಿನಿಂದ ಬಂದದ್ದು ನಲವತ್ತು ಕ್ಯಾಲೊರಿ ಇರಬಹುದು, ಅಷ್ಟೇ.

ಅದೇ ಅನ್ನಕ್ಕೆ ಒಂದು ಟೀ ಚಮಚ ತುಪ್ಪ ಕಲಸಿದರೂ ಸುಮಾರು 40 ಕ್ಯಾಲೊರಿ. ಅಳು ಇಲ್ಲ, ಅಜ್ಜಿ ಹೆಸರಿನ ತುತ್ತೂ ಬೇಡ. ಮಗು ತಿಂದದ್ದು ಮೊದಲಿನಷ್ಟೇ.

ನಾನು ಹೇಳಬೇಕಾದ್ದು ಇಷ್ಟೇ: ಕಡಿಮೆ ತಿನ್ನುವ ಮಗುವಿಗೆ ಹೆಚ್ಚು ತಿನ್ನಿಸುವುದು ಉತ್ತರವಲ್ಲ. ಅದು ತಿನ್ನುವ ಅಷ್ಟರಲ್ಲೇ ಹೆಚ್ಚು ಇರಬೇಕು. ಒಂದು ಗ್ರಾಂ ಸಕ್ಕರೆಯಲ್ಲಿ, ಹಿಟ್ಟಿನಲ್ಲಿ, ಪ್ರೋಟೀನಿನಲ್ಲಿ ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿನಲ್ಲಿ 9. ಜಾಗ ಕಡಿಮೆ ಇರುವ ಹೊಟ್ಟೆಗೆ ಕೊಬ್ಬಿಗಿಂತ ಚೆನ್ನಾಗಿ ಹೊಂದುವ ಇನ್ನೊಂದು ಪದಾರ್ಥ ಇಲ್ಲ.

ಇದು ನನ್ನ ಸ್ವಂತ ಸಿದ್ಧಾಂತ ಅಲ್ಲ. 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಸೇರಿ ಪ್ಲಂಪಿನಟ್ ಎಂಬ ಪೇಸ್ಟ್ ತಯಾರಿಸಿದರು. ಆಫ್ರಿಕಾದ ಬರಗಾಲದಲ್ಲಿ ತೀರಾ ಬಡಕಲಾದ ಮಕ್ಕಳಿಗೆ ಕೊಡುವ ಆಹಾರ ಅದು. ಅದರೊಳಗೆ ಇರುವುದು ಕಡಲೆಕಾಯಿ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜ. 92 ಗ್ರಾಮಿನ ಒಂದು ಪ್ಯಾಕೆಟ್‌ನಲ್ಲಿ 500 ಕ್ಯಾಲೊರಿ. ಅಷ್ಟೇ ಕ್ಯಾಲೊರಿಗೆ ನಾಲ್ಕು ಪಟ್ಟು ತೂಕದ ಅನ್ನ ತಿನ್ನಬೇಕು. ಅದು ಕಾಯಿಲೆ ಬಿದ್ದ ಮಕ್ಕಳ ಔಷಧಿ, ನಮ್ಮ ಮಕ್ಕಳಿಗೆ ಬೇಕಿಲ್ಲ. ಆದರೆ ಅದರ ಹಿಂದಿನ ಯೋಚನೆ ನೋಡಿ. ಸಣ್ಣ ಹೊಟ್ಟೆಗೆ ನೀರಿಲ್ಲದ, ಎಣ್ಣೆ ಇರುವ ಊಟ. ನಮ್ಮಜ್ಜಿಯರ ಕಡಲೆಕಾಯಿ ಉಂಡೆ ಇದರ ದೂರದ ಸಂಬಂಧಿ ಅನ್ನಬಹುದು.

ಡಬ್ಬದ ಲೆಕ್ಕ

ಈಗ ಆ ಮಾಲ್ಟ್ ಡಬ್ಬಕ್ಕೆ ಬರೋಣ. ಇಂಥ ಪುಡಿಗಳಲ್ಲಿ 100 ಗ್ರಾಮಿಗೆ ಸುಮಾರು 380 ಕ್ಯಾಲೊರಿ. ಬಹುಪಾಲು ಅದು ಸಕ್ಕರೆ ಮತ್ತು ಮಾಲ್ಟ್ ಮಾಡಿದ ಧಾನ್ಯ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ವಿಟಮಿನ್, ಕಬ್ಬಿಣ ಸೇರಿಸಿರುತ್ತಾರೆ, ಅದು ನಿಜ. ಆದರೆ ನೀವು ಅದನ್ನು ಕೊಳ್ಳೋದು ತೂಕ ಬರಲಿ ಅಂತ ತಾನೆ? ಎರಡು ಟೀ ಚಮಚ, ಅಂದರೆ 10 ಗ್ರಾಂ ಹಾಕಿದರೆ 40 ಕ್ಯಾಲೊರಿ. ಅಷ್ಟೇ ಸಕ್ಕರೆ ಹಾಕಿದರೂ 40. ತುಪ್ಪ ಆದರೆ ಒಂದೇ ಚಮಚಕ್ಕೆ ಆಗಿಹೋಯ್ತು.

ದುಡ್ಡಿನ ಲೆಕ್ಕ ಹೀಗೆ ಮಾಡಿ. ಪ್ಯಾಕೆಟ್ ಹಿಂದೆ 100 ಗ್ರಾಮಿಗೆ ಎಷ್ಟು ಕ್ಯಾಲೊರಿ ಅಂತ ಬರೆದಿರುತ್ತೆ. ಅದನ್ನು ಪ್ಯಾಕೆಟ್ ತೂಕಕ್ಕೆ ಲೆಕ್ಕ ಹಾಕಿ, 100 ಕ್ಯಾಲೊರಿಗೆ ಎಷ್ಟು ಫಿಲ್ಸ್ ಬಿತ್ತು ನೋಡಿ. ನಾನು ಸಾಮಾನ್ಯವಾಗಿ ನೋಡುವ ಬೆಲೆಗಳನ್ನು ಇಟ್ಟುಕೊಂಡು ಮಾಡಿ ತೋರಿಸ್ತೀನಿ. ನಿಮ್ಮ ಬಿಲ್ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಆದರೆ ಸಾಲಿನ ಕ್ರಮ ಬದಲಾಗುವುದಿಲ್ಲ.

ಒಂದು ಕಿಲೋ ಹಸಿ ಕಡಲೆಕಾಯಿ ಬೀಜ 10 ದಿರ್ಹಮ್ ಅಂತಿಟ್ಟುಕೊಳ್ಳಿ. ಅದರಲ್ಲಿ ಸುಮಾರು 5,600 ಕ್ಯಾಲೊರಿ. ಅಂದರೆ 100 ಕ್ಯಾಲೊರಿಗೆ 18 ಫಿಲ್ಸ್. ಅರಬ್ಬರು ತಹೀನಾ ಅನ್ನುವ ಎಳ್ಳಿನ ಪೇಸ್ಟ್ 400 ಗ್ರಾಮಿಗೆ 12 ದಿರ್ಹಮ್ ಆದರೆ 100 ಕ್ಯಾಲೊರಿಗೆ 50 ಫಿಲ್ಸ್. ಕೆನೆಭರಿತ ಹಾಲಿನ ಪುಡಿ ಸುಮಾರು 70 ಫಿಲ್ಸ್. ಮಾಲ್ಟ್ ಪುಡಿ ಅರ್ಧ ಕಿಲೋಗೆ 24 ದಿರ್ಹಮ್ ಆದರೆ 125 ಫಿಲ್ಸ್. ಅಡುಗೆ ಎಣ್ಣೆ ಬರೀ 10 ಫಿಲ್ಸ್. ಒಂದು ಮಾಲ್ಟ್ ಡಬ್ಬದ ದುಡ್ಡಿಗೆ ಎರಡು ಕಿಲೋಗಿಂತ ಹೆಚ್ಚು ಕಡಲೆಕಾಯಿ ಬರುತ್ತೆ.

ಭಾರತದಲ್ಲೇ ಈ ಡಬ್ಬಗಳ ಹೆಸರು ಬದಲಾಗಿದೆ. ಆಹಾರ ಸುರಕ್ಷತೆಯ 2006ರ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬುದಕ್ಕೆ ಅರ್ಥವನ್ನೇ ಕೊಟ್ಟಿಲ್ಲ ಎಂದು ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಎತ್ತಿ ತೋರಿಸಿತು. 2024ರ ಏಪ್ರಿಲ್‌ನಲ್ಲಿ ವಾಣಿಜ್ಯ ಸಚಿವಾಲಯ, ಆನ್‌ಲೈನ್ ಅಂಗಡಿಗಳು ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಬೇಕು ಎಂದು ಸೂಚಿಸಿತು. ಊರಲ್ಲಿ ಹೋದ ಹೆಸರನ್ನು ನಾವು ಮಾತ್ರ ಗಲ್ಫಿನಲ್ಲಿ ಇನ್ನೂ ಹೇಳ್ತಾ ಇದ್ದೇವೆ.

ಅಪ್ಪನ ರಿಪೋರ್ಟು, ಮಗನ ಊಟ

ಇನ್ನೊಂದು ಮಾತು, ಸ್ವಲ್ಪ ಕಹಿ. ಎಷ್ಟೋ ಮನೆಗಳಲ್ಲಿ ಮಗು ಸಣ್ಣಗಿರುವುದಕ್ಕೂ ಅಪ್ಪನ ಕೊಲೆಸ್ಟ್ರಾಲಿಗೂ ಸಂಬಂಧ ಇದೆ. ನಲವತ್ತಕ್ಕೆ ಬಂದ ಅಪ್ಪನ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯೋ ಕೊಲೆಸ್ಟ್ರಾಲೋ ಹೆಚ್ಚು ಬರುತ್ತೆ. ಅಲ್ಲಿಂದ ಮನೆಗೆಲ್ಲ ಲೋ ಫ್ಯಾಟ್ ಹಾಲು, ತುಪ್ಪ ಬಂದ್, ದೋಸೆ ನಾನ್‌ಸ್ಟಿಕ್ ಮೇಲೆ ಎಣ್ಣೆ ಇಲ್ಲದೆ, ಚಪಾತಿ ಒಣಗಿದ್ದು, ಮೊಟ್ಟೆಯ ಹಳದಿ ಕಸದ ಬುಟ್ಟಿಗೆ. ದೊಡ್ಡವರಿಗೆ ಇದು ಸರಿಯೇ ಇರಬಹುದು. ಆದರೆ ಹದಿನೇಳು ಕಿಲೋ ತೂಗುವ ಹುಡುಗನೂ ಅದೇ ಪಥ್ಯದಲ್ಲಿ ಇದ್ದಾನೆ, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಒಂದು ಫ್ರಿಜ್‌ನಲ್ಲಿ ಎರಡು ಬಾಟಲಿ ಹಾಲು ಇಡೋದು ಅಷ್ಟು ಕಷ್ಟವೇ?

ಕರ್ನಾಟಕ ಸರಕಾರ 2013ರ ಆಗಸ್ಟ್ 1ರಂದು ಶಾಲಾ ಮಕ್ಕಳಿಗೆ ಕ್ಷೀರಭಾಗ್ಯ ಶುರುಮಾಡಿದಾಗ ಆಯ್ದುಕೊಂಡದ್ದು ಕೆನೆಭರಿತ ಹಾಲಿನ ಪುಡಿ. 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. ಬಡ ಮಗುವಿಗೆ ಕೆನೆ ಬೇಕು ಎಂದು ಸರಕಾರಕ್ಕೆ ಅರ್ಥವಾಗಿದೆ. ಸಂಬಳ ಚೆನ್ನಾಗಿರುವ ನಮಗೆ ಯಾಕೆ ಆಗಬಾರದು?

ಒಂದು ಮನೆಯ ಲೆಕ್ಕ

ನನಗೆ ಚೆನ್ನಾಗಿ ಗೊತ್ತಿರುವ ಒಂದು ಮನೆ ಹೇಳ್ತೀನಿ. ಹುಡುಗನಿಗೆ 7 ವರ್ಷ, ಎತ್ತರ 117 ಸೆಂಟಿಮೀಟರ್, ತೂಕ 17.5 ಕಿಲೋ. ಬಿಎಂಐ 12.8, ಅಂದರೆ ಗೆರೆಯ ಕೆಳಗೆ. ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ ಅಂದರು. ಅಮ್ಮ ಹುಡುಗನ ತಟ್ಟೆಯ ಅಳತೆ ಹೆಚ್ಚಿಸಲಿಲ್ಲ. ನಾಲ್ಕು ಕಡೆ ಮಾತ್ರ ಕೈಹಾಕಿದರು.

ಮೊದಲನೆಯದು ಬೆಳಗಿನ ಹಾಲು. ಬಸ್ ಬೇಗ ಬರುತ್ತೆ, ಹುಡುಗ ಆ ಹೊತ್ತಿಗೆ ತಿಂಡಿ ಮುಟ್ಟಲ್ಲ, 150 ಮಿಲಿಲೀಟರ್ ಹಾಲು ಮಾತ್ರ ಕುಡೀತಾನೆ. ಅಲ್ಲಿಯವರೆಗೆ ಅದು ಲೋ ಫ್ಯಾಟ್ ಹಾಲು ಮತ್ತು ಎರಡು ಚಮಚ ಮಾಲ್ಟ್ ಪುಡಿ, ಒಟ್ಟು ಸುಮಾರು 110 ಕ್ಯಾಲೊರಿ. ಈಗ ಫುಲ್ ಕ್ರೀಮ್ ಹಾಲು, ಅದಕ್ಕೆ ಎರಡು ದೊಡ್ಡ ಚಮಚ ಕೆನೆಭರಿತ ಹಾಲಿನ ಪುಡಿ, ರುಚಿಗೆ ಒಂದು ಖರ್ಜೂರ ಹಾಕಿ ಮಿಕ್ಸಿಯಲ್ಲಿ ತಿರುಗಿಸೋದು. ಸುಮಾರು 190. ಲೋಟ ಅದೇ.

ಎರಡನೆಯದು ಶಾಲೆಯ ಡಬ್ಬಿ. ಒಣ ಚಪಾತಿ ಅರ್ಧ ವಾಪಸ್ ಬರ್ತಿತ್ತು, ಯಾಕೆಂದರೆ ಗಂಟಲಲ್ಲಿ ಇಳಿಯಲ್ಲ, ಬಿಡುವೂ ಚಿಕ್ಕದು. ಈಗ ಚಪಾತಿಗೆ ಒಂದು ದೊಡ್ಡ ಚಮಚ ತಹೀನಾ, ಮೇಲೆ ಚೂರು ಖರ್ಜೂರದ ಪಾಕ ಹಚ್ಚಿ ಸುರುಳಿ ಸುತ್ತಿ ಎರಡು ತುಂಡು ಮಾಡಿ ಇಡ್ತಾರೆ. ಪಾಕಕ್ಕೆ ಇಲ್ಲಿ ದಿಬ್ಸ್ ಅಂತ ಕೇಳಿದರೆ ಸಿಗುತ್ತೆ. ತಹೀನಾದಿಂದಲೇ 90 ಕ್ಯಾಲೊರಿ ಸೇರಿತು. ರುಚಿ ಎಳ್ಳುಂಡೆಯ ಹತ್ತಿರ ಬರುತ್ತೆ. ಇಲ್ಲೊಂದು ಎಚ್ಚರಿಕೆ: ಎಷ್ಟೋ ಶಾಲೆಗಳು ಕಡಲೆಕಾಯಿ, ಗೋಡಂಬಿ, ಬಾದಾಮಿ ತರಬಾರದು ಅನ್ನುತ್ತವೆ, ಅಲರ್ಜಿ ಇರುವ ಮಕ್ಕಳಿಗಾಗಿ. ಕೆಲವರಿಗೆ ಎಳ್ಳೂ ಆಗಲ್ಲ. ಕೇಳಿ ತಿಳಿದುಕೊಂಡು ಕಳಿಸಿ. ಬೇಡ ಅಂದರೆ ಬಾಟಲಿ ಚೀಸ್, ಬೆಣ್ಣೆ, ಹಳದಿ ಸಮೇತ ಮೊಟ್ಟೆಯ ಆಮ್ಲೆಟ್.

ಮೂರನೆಯದು ಮಧ್ಯಾಹ್ನದ ಅನ್ನ. ಸಾರು ಬದಲು ಗಟ್ಟಿ ತೊವ್ವೆ, ಎರಡು ಟೀ ಚಮಚ ತುಪ್ಪ. ತುಪ್ಪದ್ದೇ 80. ಗಂಜಿ ಉಣ್ಣುವ ಕರಾವಳಿಯ ಮನೆಯವರು ತಿಳಿ ಬಸಿದು ಕೊಡಿ, ತುಪ್ಪ ಹಾಕಿ ಕೊಡಿ. ತಿಳಿ ಕುಡಿದ ಹೊಟ್ಟೆ ತುಂಬಿದಂತೆ ಕಾಣುತ್ತೆ, ತುಂಬಿರಲ್ಲ.

ನಾಲ್ಕನೆಯದು ಸಂಜೆ. ಸುಮಾರು 90 ಕ್ಯಾಲೊರಿಯ ಜ್ಯೂಸ್ ಪ್ಯಾಕೆಟ್ ಹೋಯ್ತು, ಕಡಲೆಕಾಯಿ ಉಂಡೆ ಬಂತು. ಇನ್ನೂರು ಗ್ರಾಂ ಬೀಜ ಹುರಿದು, ಸಿಪ್ಪೆ ಉಜ್ಜಿ ತೆಗೆದು, ನೂರು ಗ್ರಾಂ ಬೆಲ್ಲದ ಜೊತೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿದರೆ ಬೀಜ ತಾನೇ ಎಣ್ಣೆ ಬಿಡುತ್ತೆ. ಆಗ ಬಿಸಿಯಲ್ಲೇ ಹತ್ತು ಉಂಡೆ ಕಟ್ಟಿ. ಒಂದೊಂದರಲ್ಲಿ ಸುಮಾರು 150 ಕ್ಯಾಲೊರಿ. ಇದನ್ನು ಧಾರವಾಡದವರು ಶೇಂಗಾ ಅಂತಾರೆ, ಮಂಗಳೂರಿನವರು ನೆಲಕಡಲೆ ಅಂತಾರೆ, ಇಲ್ಲಿ ಹುಟ್ಟಿದ ಮಕ್ಕಳು ಪೀನಟ್ ಅಂತಾರೆ. ಹೆಸರು ಯಾವುದಾದರೂ ಸರಿ, ಮಗು ಅದನ್ನು ಹಿಂದೆ ಎಂದೂ ತಿಂದಿರದಿದ್ದರೆ ಮೊದಲ ದಿನ ಚೂರೇ ಕೊಟ್ಟು ನೋಡಿ.

ಕೂಡಿಸಿ: 80, 90, 80, 60. ಸುಮಾರು 300 ಕ್ಯಾಲೊರಿ ಹೆಚ್ಚು, ಹುಡುಗ ಹೆಚ್ಚು ತುತ್ತು ತಿನ್ನದೇ. ಈ ವಯಸ್ಸಿನ ಹುಡುಗನಿಗೆ ದಿನಕ್ಕೆ ಬೇಕಾದದ್ದು ಒಂದೂವರೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಅದರ ಐದನೇ ಒಂದು ಪಾಲು ಹೀಗೆ ಬಂತು.

ಮೂರು ತಿಂಗಳಲ್ಲಿ ತೂಕ 18.7 ಕಿಲೋ ಆಯ್ತು, ಎತ್ತರ 118. ಬಿಎಂಐ 13.4, ಗೆರೆ ದಾಟಿದ. ಆದರೆ ನಡುವೆ ಎರಡು ಸಲ ಎಡವಿದ್ದರು, ಅದನ್ನೂ ಹೇಳಬೇಕು. ಮೊದಲ ವಾರ ಉತ್ಸಾಹದಲ್ಲಿ ಅನ್ನಕ್ಕೆ ನಾಲ್ಕು ಚಮಚ ತುಪ್ಪ ಸುರಿದರು. ಹುಡುಗನಿಗೆ ಹೊಟ್ಟೆ ತೊಳಸಿ, ತಟ್ಟೆ ದೂರ ತಳ್ಳಿದ. ಕೊಬ್ಬು ಹೊಟ್ಟೆಯಿಂದ ನಿಧಾನ ಇಳಿಯುತ್ತೆ, ಒಂದೇ ಊಟಕ್ಕೆ ತುರುಕಿದರೆ ಮುಂದಿನ ಊಟದ ಹಸಿವನ್ನೇ ಕೊಲ್ಲುತ್ತೆ. ಅರ್ಧ ಚಮಚದಿಂದ ಶುರುಮಾಡಿ ವಾರ ಬಿಟ್ಟು ಹೆಚ್ಚಿಸಿದ ಮೇಲೆ ಸರಿಹೋಯ್ತು. ಇನ್ನೊಮ್ಮೆ, ಹಾಲು ಚೆನ್ನಾಗಿ ಕುಡೀತಾನೆ ಅಂತ ದಿನಕ್ಕೆ ನಾಲ್ಕು ಲೋಟ ಕೊಟ್ಟರು. ಊಟ ನಿಂತೇಹೋಯ್ತು. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಅತಿಯಾದರೆ ರಕ್ತಹೀನತೆಗೂ ದಾರಿ, ರಕ್ತ ಕಡಿಮೆಯಾದರೆ ಹಸಿವೂ ಕಡಿಮೆ. ಅರ್ಧ ಲೀಟರ್ ಒಳಗೆ ಇರಲಿ. ಊಟದ ಜೊತೆ ಕರಕ್ ಚಹಾ ಕೊಡುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ, ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡಲ್ಲ.

ನಿಮ್ಮ ಆಕ್ಷೇಪಗಳು

‘ಹಾಗಾದ್ರೆ ಚಿಪ್ಸ್ ಕೊಟ್ಟರೆ ಆಯ್ತಲ್ಲ, ಅದರಲ್ಲೂ ಎಣ್ಣೆ ಇದೆ’ ಅಂತ ನೀವು ಕೇಳಬಹುದು. ಇದೆ, ಕ್ಯಾಲೊರಿಯೂ ಕಡಲೆಕಾಯಿಯ ಹತ್ತಿರಕ್ಕೆ ಬರುತ್ತೆ. ಆದರೆ ಕಡಲೆಕಾಯಿಯ ಕಾಲು ಭಾಗ ಪ್ರೋಟೀನು. ಚಿಪ್ಸ್‌ನಲ್ಲಿ ಇರುವುದು ಎಣ್ಣೆ, ಪಿಷ್ಟ, ಉಪ್ಪು. ಕಡಿಮೆ ತಿನ್ನುವ ಮಗುವಿನ ಹೊಟ್ಟೆಯಲ್ಲಿ ಜಾಗ ಅಮೂಲ್ಯ, ಅದನ್ನು ಉಪ್ಪಿಗೆ ಬಾಡಿಗೆ ಕೊಡಬೇಡಿ. ಹಾಗೆಯೇ ಬರೀ ಎಣ್ಣೆ ತುಪ್ಪದಿಂದಲೂ ಮಗು ಬೆಳೆಯಲ್ಲ. ಅದಕ್ಕೇ ಹಾಲು, ಮೊಟ್ಟೆ, ಬೇಳೆ, ಕಡಲೆಕಾಯಿ ಜೊತೆಗೇ ಬಂದಿರುವುದು.

‘ಡಾಕ್ಟರೇ ಪುಡಿ ಬರೆದುಕೊಟ್ಟಿದ್ದಾರೆ’ ಅಂದರೆ ಕೊಡಿ. ಕಾಯಿಲೆಯಿಂದ ಏಳುತ್ತಿರುವ, ಏನೂ ತಿನ್ನಲಾಗದ ಮಕ್ಕಳಿಗೆ ಅವರು ಕೊಡುವ ಪುಡಿ ಬೇರೆ, ಅದಕ್ಕೊಂದು ಕಾರಣ ಇರುತ್ತೆ. ನನ್ನ ಜಗಳ ಜಾಹೀರಾತು ಬರೆದುಕೊಟ್ಟ ಪುಡಿಯ ಜೊತೆ.

ಅಡುಗೆಮನೆಯಲ್ಲಿ ಬಗೆಹರಿಯದ ಸಂಗತಿಗಳೂ ಇವೆ. ಇದ್ದ ತೂಕ ಇಳಿಯುತ್ತಿದ್ದರೆ, ಆಗಾಗ ಭೇದಿ ಅಥವಾ ಹೊಟ್ಟೆನೋವು ಇದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಎತ್ತರವೂ ನಿಂತಿದ್ದರೆ ಉಂಡೆ ಕಟ್ಟುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ತೂಕ ಇಳಿಯುವುದರ ಜೊತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದು ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು, ಅವತ್ತೇ ಹೋಗಿ. ಮಲಬದ್ಧತೆಯೂ ಹಸಿವನ್ನು ಕಟ್ಟಿಹಾಕುತ್ತೆ, ಅದನ್ನು ಕೇಳಲು ಮರೆಯಬೇಡಿ.

ಏನೂ ಇಲ್ಲದಿದ್ದರೆ ಒಂದೇ ತಕ್ಕಡಿಯಲ್ಲಿ, ತಿಂಗಳಿಗೊಮ್ಮೆ, ಬೆಳಿಗ್ಗೆ, ಬರಿಗಾಲಲ್ಲಿ ತೂಕ ನೋಡಿ ಬರೆದಿಡಿ. ದಿನಾ ನೋಡಬೇಡಿ, ಒಂದು ಲೋಟ ನೀರಿಗೂ ಮುಳ್ಳು ಅಲ್ಲಾಡುತ್ತೆ. ಈ ವಯಸ್ಸಿನ ಮಗು ಸಾಮಾನ್ಯವಾಗಿ ವರ್ಷಕ್ಕೆ ಎರಡೂವರೆ ಕಿಲೋ ಹತ್ತಿರ ಬೆಳೆಯುತ್ತೆ. ತಿಂಗಳಿಗೆ 400 ಗ್ರಾಂ ಬಂದರೆ ನೀವು ಗೆಲ್ತಾ ಇದ್ದೀರಿ. ಮೂರು ತಿಂಗಳು ಕಳೆದರೂ ಮುಳ್ಳು ಅಲ್ಲೇ ಇದ್ದರೆ ಆ ಚೀಟಿ ಹಿಡಿದು ಮತ್ತೆ ಡಾಕ್ಟರ ಬಳಿ ಹೋಗಿ. ಗೆರೆ ದಾಟಿ ಮಗು ತನ್ನ ಹಾದಿ ಹಿಡಿದ ಮೇಲೆ ಹಾಲಿನ ಪುಡಿಯನ್ನೂ ಎರಡನೇ ಚಮಚ ತುಪ್ಪವನ್ನೂ ನಿಲ್ಲಿಸಿ. ಇದು ಜೀವಮಾನದ ಪಥ್ಯ ಅಲ್ಲ.

ನಾಳೆ ಸಂಜೆ ಅದೇ ಗ್ರೋಸರಿಗೆ ಹೋದಾಗ ಕೌಂಟರಿನ ಡಬ್ಬ ಅಲ್ಲೇ ಇರಲಿ. ಬುಟ್ಟಿಗೆ ಒಂದು ಕಿಲೋ ಕಡಲೆಕಾಯಿ ಬೀಜ, ಒಂದು ಬೆಲ್ಲದ ಅಚ್ಚು, ಒಂದು ಬಾಟಲಿ ತಹೀನಾ, ಒಂದು ಪ್ಯಾಕೆಟ್ ಖರ್ಜೂರ, ಮಗುವಿಗೆ ಅಂತಲೇ ಬೇರೆ ಫುಲ್ ಕ್ರೀಮ್ ಹಾಲು. ಮನೆಗೆ ಬಂದು ತುಪ್ಪದ ಡಬ್ಬಿಯ ಮುಚ್ಚಳ ತೆಗೆಯಿರಿ. ಮತ್ತೆ, ದಯವಿಟ್ಟು, ಅಜ್ಜಿ ಹೆಸರಿನ ಆ ಕೊನೆಯ ತುತ್ತು ತಟ್ಟೆಯಲ್ಲೇ ಉಳಿಯಲಿ ಬಿಡಿ.